ಒಂದಗುಳು ನೋಡಿ ಅನ್ನ ನಂಬಬಹುದೇ?



ಅನ್ನ ಬೆಂದಿದೆಯೋ ಇಲ್ಲವೋ ಅಂತ ತಿಳಿಯಲು ನಾವು ಪಾತ್ರೆಯ ಅನ್ನವನ್ನೆಲ್ಲ ಹಿಸುಕಿ ನೋಡುವುದಿಲ್ಲ. ಒಂದಗುಳು ಸಾಕು. ಆದರೆ ಆ ಒಂದಗುಳನ್ನು ಬೇರೆಯವರು ತಮ್ಮ ಜೇಬಿನಿಂದ ತೆಗೆದುಕೊಟ್ಟರೆ? ಈ ತಿಂಗಳ ಪಾಠ ಇದೇ. ಇದರಲ್ಲಿ ಬರುವ ಹುಡುಗ, ಅಂಗಡಿ ಕಥೆಗಾಗಿ ಮಾಡಿಕೊಂಡದ್ದು. ಮೋಸದ ರೀತಿ ಮಾತ್ರ ನಿಜವಾದದ್ದು. ದಾವಣಗೆರೆ, ವಿಜಯನಗರ ಜಿಲ್ಲೆಗಳ ಕಡೆ ಇಂಥ ನಕಲಿ ಬಂಗಾರದ ನಾಣ್ಯದ ಪ್ರಕರಣಗಳು ಪೊಲೀಸರಲ್ಲಿ ಹಲವು ದಾಖಲಾಗಿವೆ. ಹಣ ಕಳೆದುಕೊಂಡವರಲ್ಲಿ ದೂರದ ಊರುಗಳಿಂದ ಹೋದವರೂ ಇದ್ದಾರೆ.

ರಾಜು ಅಂತ ಒಬ್ಬ ಹುಡುಗ. ವಯಸ್ಸು ಹತ್ತೊಂಬತ್ತು. ಆರ್.ಟಿ. ನಗರದ ಒಂದು ಹಳೇ ಸಾಮಾನಿನ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ. ಗೋಡೆ ಗಡಿಯಾರ, ಗ್ರಾಮಫೋನು, ಹಿತ್ತಾಳೆ ಕೊಳಗ, ಮರದ ಪೆಟ್ಟಿಗೆ, ಇವೇ ಅಲ್ಲಿನ ವ್ಯಾಪಾರ. ಅವನ ತಾಯಿ ಯಲಹಂಕದ ಒಂದು ಸ್ವಸಹಾಯ ಸಂಘದ ಸದಸ್ಯೆ.

ಒಂದು ದಿನ ಯಜಮಾನರು ಊಟಕ್ಕೆ ಹೋದಾಗ ಹಳ್ಳಿಯವನ ಹಾಗೆ ಕಾಣುವ ಒಬ್ಬ ಬಂದ. ದನಿ ತಗ್ಗಿಸಿ, "ಮನೆ ಪಾಯ ತೋಡುವಾಗ ಒಂದು ತಂಬಿಗೆ ಸಿಕ್ತಣ್ಣ. ಒಳಗೆ ನೂರು ವರಹ ಇದೆ, ವಿಜಯನಗರದ ಕಾಲದ್ದು. ಹೇಳಿದ್ರೆ ಸರ್ಕಾರ ತಗೊಂಡು ಹೋಗುತ್ತೆ. ಮಗಳ ಮದುವೆ ಇದೆ, ಮೂರು ಲಕ್ಷ ಕೊಟ್ಟರೆ ಸಾಕು" ಅಂದ. ಎರಡು ಪುಟ್ಟ ನಾಣ್ಯ ಕೈಗಿಟ್ಟು, "ನನ್ನ ಮಾತು ನಂಬಬೇಡ, ಎಲ್ಲಿ ಬೇಕಾದರೂ ತೋರಿಸಿ ನೋಡು" ಅಂತ ಹೇಳಿ ಫೋನ್ ನಂಬರ್ ಕೊಟ್ಟು ಹೋದ.

ರಾಜು ಯಶವಂತಪುರದ ಒಬ್ಬ ಅಕ್ಕಸಾಲಿಗರಿಗೆ ತೋರಿಸಿದ. ಅವರು ಒರೆಗಲ್ಲಿಗೆ ಉಜ್ಜಿ, ಆಸಿಡ್ ಹಾಕಿ ನೋಡಿ, "ಬಂಗಾರವೇ" ಅಂದರು. ಒಂದೊಂದು 3.4 ಗ್ರಾಂ ತೂಗಿತು. ರಾಜು ಲೆಕ್ಕ ಹಾಕಿದ. ನೂರು ನಾಣ್ಯಕ್ಕೆ 340 ಗ್ರಾಂ. ಗ್ರಾಂಗೆ ಹತ್ತು ಸಾವಿರದಂತೆ ಹಿಡಿದರೂ 34 ಲಕ್ಷ! ಅದು ಮೂರು ಲಕ್ಷಕ್ಕೆ ಸಿಗುತ್ತಿದೆ.

ಅವತ್ತು ರಾತ್ರಿ ತಾಯಿ ಮಗ ನಿದ್ದೆ ಮಾಡಲಿಲ್ಲ. ತಾಯಿಯ ಒಡವೆ ಅಡವಿಟ್ಟರೆ ಒಂದು ಲಕ್ಷ, ಮಾವನ ಹತ್ತಿರ ಒಂದು ಲಕ್ಷ, ಉಳಿದ ಒಂದು ಲಕ್ಷ ಸಂಘದ ಸಾಲ. ಕಾರಣ ಏನು ಬರೆಸುವುದು? "ಮಗನ ವ್ಯಾಪಾರಕ್ಕೆ ಅಂತ ಬರೆಸಿದರಾಯ್ತು ಕಣೋ" ಅಂದರು ತಾಯಿ. ಆ ಒಂದು ಲಕ್ಷ ಹದಿನೈದು ಜನ ಹೆಂಗಸರು ವಾರವಾರ ಕೂಡಿಸಿದ ಉಳಿತಾಯ.

ಬೆಳಿಗ್ಗೆ ರಾಜುವಿನ ಮುಖ ನೋಡಿಯೇ ಯಜಮಾನರಿಗೆ ಅನುಮಾನ ಬಂತು. ಕೇಳಿದಾಗ ಎಲ್ಲಾ ಹೇಳಿದ. ಅವರು ಬೈಯಲಿಲ್ಲ. "ಈ ಎರಡು ಅಸಲಿ, ಸರಿ. ಇವನ್ನು ಆರಿಸಿದ್ದು ಯಾರು?" ಅಂತ ಕೇಳಿದರು.

"ಅವನೇ ಕೊಟ್ಟ ಸಾರ್."

"ಹಂಗಾದ್ರೆ ನೀನು ಪರೀಕ್ಷೆ ಮಾಡಿಸಿದ್ದು ಈ ಎರಡನ್ನ ಮಾತ್ರ. ಉಳಿದ ತೊಂಬತ್ತೆಂಟನ್ನ ಅಲ್ಲ. ಅನ್ನದ ಅಗುಳು ನಂಬಬಹುದು ಯಾಕೆ? ಎಲ್ಲಾ ಒಂದೇ ಪಾತ್ರೆಯಲ್ಲಿ ಬೆಂದಿರುತ್ತೆ, ಸೌಟು ನಮ್ಮ ಕೈಯಲ್ಲಿರುತ್ತೆ. ಇಲ್ಲಿ ಪಾತ್ರೆ ನೀನು ನೋಡಿಲ್ಲ, ಸೌಟು ಅವನ ಕೈಯಲ್ಲಿದೆ. ಮೀನು ಹಿಡಿಯೋನು ಗಾಳಕ್ಕೆ ಎರೆಹುಳ ಅಸಲಿದೇ ಹಾಕ್ತಾನೆ ಮಗಾ."

ಆಮೇಲೆ ಅವರು ಹಳೇ ನಾಣ್ಯಗಳನ್ನು ಹೇಗೆ ನೋಡಬೇಕು ಅಂತ ಕಲಿಸಿದರು. ಆ ಕಾಲದ ನಾಣ್ಯಗಳನ್ನು ಒಂದೊಂದಾಗಿ ಕೈಯಿಂದ ಸುತ್ತಿಗೆ ಏಟು ಹಾಕಿ ಮಾಡುತ್ತಿದ್ದರು. ಆದ್ದರಿಂದ ಒಂದರಲ್ಲಿ ಚಿತ್ರ ಪಕ್ಕಕ್ಕೆ ಸರಿದಿರುತ್ತದೆ, ಇನ್ನೊಂದರಲ್ಲಿ ಅಂಚು ಚಪ್ಪಟೆಯಾಗಿರುತ್ತದೆ. ಎರಡು ನಾಣ್ಯ ಪಡಿಯಚ್ಚಿನ ಹಾಗೆ ಒಂದೇ ಥರ ಇರುವುದು ಅಪರೂಪ. ಹಿತ್ತಾಳೆ ಕರಗಿಸಿ ಒಂದೇ ಅಚ್ಚಿಗೆ ಹೊಯ್ದು ಮಾಡಿದ್ದರೆ, ಅಚ್ಚಿನಲ್ಲಿದ್ದ ಗೀರು ಎಲ್ಲಾ ನಾಣ್ಯದಲ್ಲೂ ಅದೇ ಜಾಗದಲ್ಲಿ ಕಾಣುತ್ತದೆ. ಇನ್ನೊಂದು ಗುರುತು ಹಸಿರು ಕಿಲುಬು. ಅದು ಹಿಡಿಯುವುದು ತಾಮ್ರ, ಹಿತ್ತಾಳೆಗೆ. ಒಳ್ಳೆಯ ಬಂಗಾರ ಮಣ್ಣಿನಲ್ಲಿ ನೂರಾರು ವರ್ಷ ಇದ್ದರೂ ಕಿಲುಬು ಹಿಡಿಯುವುದಿಲ್ಲ. "ಹಳೇದು ಅಂತ ತೋರಿಸೋಕೆ ಕಿಲುಬು ಬರಿಸಿರ್ತಾರೆ. ಅಲ್ಲೇ ಸಿಕ್ಕಿಬೀಳ್ತಾರೆ" ಅಂದು ನಕ್ಕರು.

ಕೊನೆಗೆ ನೀರಿನ ಪರೀಕ್ಷೆ. ಅಂಗಡಿಯ ಹಿತ್ತಾಳೆ ಸಾಮಾನು 340 ಗ್ರಾಂ ತೂಗಿದರು. ಒಂದು ಲೋಟದ ತುಂಬ ನೀರು ತುಂಬಿ ತಟ್ಟೆಯಲ್ಲಿಟ್ಟು, ಹಿತ್ತಾಳೆಯನ್ನು ಮೆಲ್ಲಗೆ ಒಳಗೆ ಬಿಟ್ಟರು. ತಟ್ಟೆಗೆ ಚೆಲ್ಲಿದ ನೀರನ್ನು ಮಕ್ಕಳ ಔಷಧಿಯ ಅಳತೆ ಮುಚ್ಚಳದಲ್ಲಿ ಅಳೆದರೆ ಸುಮಾರು 40 ಮಿಲಿ ಬಂತು. ಬಂಗಾರ ಹಿತ್ತಾಳೆಯ ಎರಡರಷ್ಟಕ್ಕಿಂತ ಭಾರದ ಲೋಹ. ಆದ್ದರಿಂದ ಅಷ್ಟೇ ತೂಕದ ಒಳ್ಳೆಯ ಬಂಗಾರ ಹಾಕಿದ್ದರೆ 20 ಮಿಲಿ ಕೂಡ ಚೆಲ್ಲುತ್ತಿರಲಿಲ್ಲ. ಮೇಲೆ ಎಷ್ಟೇ ಬಂಗಾರದ ಮುಲಾಮು ಬಳಿದಿದ್ದರೂ ನೀರಿನ ಮುಂದೆ ಮುಚ್ಚಿಡಲಾಗದು. ಒಂದೆರಡು ಪುಟ್ಟ ನಾಣ್ಯಕ್ಕೆ ಈ ಪರೀಕ್ಷೆ ನಡೆಯುವುದಿಲ್ಲ, ಚೆಲ್ಲುವ ನೀರು ತೀರಾ ಸ್ವಲ್ಪ. ರಾಶಿಗೆ ನಡೆಯುತ್ತದೆ. ಇದರಿಂದ ಮೋಸ ತಿಳಿಯುತ್ತದೆ, ಬಂಗಾರದ ಗುಣ ಎಷ್ಟು ಅಂತ ಅಕ್ಕಸಾಲಿಗರೇ ಹೇಳಬೇಕು.

"ಈಗ ಅವನಿಗೆ ಫೋನ್ ಮಾಡು. ತಂಬಿಗೆ ಅಂಗಡಿಗೆ ತರಲಿ, ನಾನೇ ಕೈಹಾಕಿ ಐದು ಆರಿಸ್ತೀನಿ, ಅಕ್ಕಸಾಲಿಗರ ಮುಂದೆ ನೋಡೋಣ ಅನ್ನು" ಅಂದರು ಯಜಮಾನರು. ರಾಜು ಹಾಗೇ ಕೇಳಿದ. ಆ ಕಡೆಯಿಂದ ಬಂದ ಉತ್ತರ: "ಪೊಲೀಸರ ಭಯ ಅಣ್ಣ. ಸಂಜೆ ಊರ ಹೊರಗೆ ನೀನೊಬ್ಬನೇ ಬಾ, ದುಡ್ಡು ಕ್ಯಾಶ್ ತಾ. ನಾಳೆ ಆದರೆ ಬೇರೆಯವರಿಗೆ ಕೊಡ್ತೀನಿ." ಆಗೋದಿಲ್ಲ ಅಂದ ಕೂಡಲೇ ಫೋನ್ ಸ್ವಿಚ್ ಆಫ್ ಆಯಿತು.

ರಾಜುವಿಗೆ ಆಗ ಬೆವರು ಬಂತು. ಊರ ಹೊರಗೆ ಹೋಗಿದ್ದರೆ ಹಣ ಮಾತ್ರವಲ್ಲ, ಏಟೂ ಬೀಳಬಹುದಿತ್ತು. ಯಜಮಾನರು ಅವನನ್ನು ಕರೆದುಕೊಂಡು ಹೋಗಿ ಆ ಎರಡು ನಾಣ್ಯ, ಫೋನ್ ನಂಬರ್ ಪೊಲೀಸ್ ಠಾಣೆಗೆ ಒಪ್ಪಿಸಿದರು. ತಾಯಿ ಸಂಘದ ಸಭೆಯಲ್ಲಿ ಸಾಲದ ಅರ್ಜಿ ಹಿಂದಕ್ಕೆ ತೆಗೆದುಕೊಂಡರು. ನಾಚಿಕೆಯಾದರೂ ನಡೆದದ್ದನ್ನೆಲ್ಲ ಬಾಯಿಬಿಟ್ಟು ಹೇಳಿದರು.

"ನಿಜವಾಗಿ ನಿಧಿಯೇ ಆಗಿದ್ದರೆ?" ಅಂತ ನೀವು ಕೇಳಬಹುದು. ಆಗಲೂ ಕೊಳ್ಳುವ ಹಾಗಿಲ್ಲ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕು, ಬಚ್ಚಿಟ್ಟರೆ ಅಪರಾಧ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ, ವಿಗ್ರಹಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಮೋಸಗಾರರಿಗೆ ಈ ಕಾನೂನು ನಮಗಿಂತ ಚೆನ್ನಾಗಿ ಗೊತ್ತು. ಮೊದಲೇ ನಮ್ಮನ್ನು ತಪ್ಪಿನಲ್ಲಿ ಪಾಲುದಾರರನ್ನಾಗಿ ಮಾಡಿದರೆ, ಮೋಸ ಹೋದ ಮೇಲೆ ನಾವು ದೂರು ಕೊಡಲು ಹೆದರುತ್ತೇವೆ. "ಯಾರಿಗೂ ಹೇಳಬೇಡ" ಅನ್ನುವ ಮಾತಿನ ಕೆಲಸ ಅದೇ. ಮೋಸ ಹೋದವರು ಹೆದರದೆ 112ಕ್ಕೆ ಫೋನ್ ಮಾಡಬೇಕು ಅಥವಾ ಹತ್ತಿರದ ಠಾಣೆಗೆ ಹೋಗಬೇಕು.

ಸಭೆಯಲ್ಲಿ ಚರ್ಚಿಸಿ

1. ಅಕ್ಕಸಾಲಿಗರು ಹೇಳಿದ್ದು ನಿಜವೇ ಆಗಿತ್ತು. ಹಾಗಿದ್ದರೂ ರಾಜು ಮೋಸ ಹೋಗುತ್ತಿದ್ದ. ಹೇಗೆ?

2. 34 ಲಕ್ಷದ ಮಾಲನ್ನು ಮೂರು ಲಕ್ಷಕ್ಕೆ ಕೊಡುವವನು ತಾನೇ ಒಂದೊಂದಾಗಿ ಮಾರಿಕೊಳ್ಳದೆ ಗುರುತಿಲ್ಲದ ಹುಡುಗನ ಹತ್ತಿರ ಯಾಕೆ ಬಂದ?

3. ಸಾಲದ ನಿಜವಾದ ಕಾರಣವನ್ನು ಸಭೆಯಲ್ಲಿ ಹೇಳಿ ನಡಾವಳಿ ಪುಸ್ತಕದಲ್ಲಿ ಬರೆಸಬೇಕು ಅನ್ನುವ ನಿಯಮ ರಾಜುವಿನ ತಾಯಿಯನ್ನು ಹೇಗೆ ಕಾಪಾಡುತ್ತಿತ್ತು?

4. ಅಕ್ಕಿ, ಬೇಳೆ, ಸೀರೆಯನ್ನು ಸಂಘಕ್ಕೆ ಒಟ್ಟಿಗೆ ಕೊಳ್ಳುವಾಗ ಸ್ಯಾಂಪಲ್ ಆರಿಸುವುದು ನಾವೋ, ಮಾರುವವರೋ?