ಮೊದಲೇ ‘ಲಾಸ್ಟ್ ಎಷ್ಟು?’ ಎನ್ನಬೇಡ

ಮೊದಲ ಗಾಡಿ ಕೊಳ್ಳಲು ಹೊರಟಿರುವ ಚಿರಂಜೀವಿಗೆ,

ಸೆಕೆಂಡ್ ಹ್ಯಾಂಡ್ ಸ್ಕೂಟರ್ ಮಾರಾಟಕ್ಕಿಟ್ಟವರ ಫೋನಿಗೆ ಬರುವ ಸಂದೇಶಗಳಲ್ಲಿ ಬಹಳಷ್ಟು ‘ಲಾಸ್ಟ್ ಎಷ್ಟು?’ ಎಂಬ ಎರಡೇ ಪದದವು. ಗಾಡಿಯನ್ನು ನೋಡದೆ, ಕಾಗದಪತ್ರದ ಸ್ಥಿತಿ ತಿಳಿಯದೆ ಕೊನೆಯ ಬೆಲೆ ಕೇಳಿದರೆ ಮಾರುವವರು ಒಂದು ಸಂಖ್ಯೆ ಹೇಳಿ ಸುಮ್ಮನಾಗುತ್ತಾರೆ. ಆ ಸಂಖ್ಯೆ ಹೆಚ್ಚೋ ಕಡಿಮೆಯೋ ಎಂದು ತೂಗಲು ನಿನ್ನ ಕೈಯಲ್ಲಿ ಏನೂ ಇರುವುದಿಲ್ಲ. ನಾನು ಹೇಳುವುದಿಷ್ಟೇ: ಮೊದಲ ಸಂದೇಶದಲ್ಲಿ, ಮುಂದೆ ನೀನೇ ಪರೀಕ್ಷಿಸಿ ನೋಡಬಹುದಾದ ಉತ್ತರವಿರುವ ನಾಲ್ಕೈದು ಪ್ರಶ್ನೆಗಳನ್ನು ಮಾತ್ರ ಕೇಳು. ‘ಕಂಡಿಷನ್ ಹೇಗಿದೆ?’ ಎಂಬುದು ಅಂಥ ಪ್ರಶ್ನೆಯಲ್ಲ. ಅದಕ್ಕೆ ‘ಸೂಪರ್ ಆಗಿದೆ’ ಎಂಬುದಲ್ಲದೆ ಬೇರೆ ಉತ್ತರ ಬರುವುದೇ ಇಲ್ಲ.

ಮೈಸೂರಿನಲ್ಲಿ ಇಂಥದೊಂದು ಜಾಹೀರಾತು ಇದೆ ಎಂದುಕೊಳ್ಳೋಣ: ‘2019ರ ಆಕ್ಟಿವಾ 5ಜಿ, ಸಿಂಗಲ್ ಓನರ್, 18,000 ಕಿ.ಮೀ., 45,000 ರೂಪಾಯಿ.’ ಇದಕ್ಕೆ ನೀನು ಹೀಗೆ ಬರೆಯಬಹುದು: ‘ನಮಸ್ಕಾರ ಸರ್. ನಿಮ್ಮ ಆಕ್ಟಿವಾ ಜಾಹೀರಾತು ನೋಡಿದೆ, ಗಾಡಿ ಇನ್ನೂ ಇದೆಯಾ? ಆರ್‌ಸಿ ನಿಮ್ಮ ಹೆಸರಿನಲ್ಲೇ ಇದೆಯಾ, ಅದರಲ್ಲಿ ಬ್ಯಾಂಕ್ ಸಾಲದ ನಮೂದು ಉಳಿದಿದೆಯಾ? ಇನ್ಶೂರೆನ್ಸ್ ಎಲ್ಲಿಯವರೆಗಿದೆ? ಕೊನೆಯ ಸರ್ವಿಸ್ ಬಿಲ್ಲು ಮತ್ತು ಎರಡೂ ಟಯರ್‌ಗಳ ಫೋಟೋ ಕಳಿಸಲು ಆಗುತ್ತಾ? ನೀವು ಹೇಳಿರುವ ಬೆಲೆಯಲ್ಲಿ ಹೆಸರು ವರ್ಗಾವಣೆ ಖರ್ಚು ಸೇರಿದೆಯಾ? ಎಲ್ಲ ಸರಿಯಿದ್ದರೆ ಭಾನುವಾರ ಬೆಳಿಗ್ಗೆ ಬಂದು ನೋಡುತ್ತೇನೆ. ಆವತ್ತು ನಾನು ಬರುವವರೆಗೆ ಸ್ಟಾರ್ಟ್ ಮಾಡದೆ ಇಟ್ಟಿದ್ದರೆ ಉಪಕಾರ.’

ಈ ಒಂದೊಂದು ಪ್ರಶ್ನೆಗೂ ಕಾರಣವಿದೆ. ಸಾಲ ತೀರಿದ್ದರೂ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಕೊಟ್ಟು ಆರ್‌ಸಿಯಿಂದ ಆ ನಮೂದನ್ನು ತೆಗೆಸದೆ ಬಿಟ್ಟವರು ಎಷ್ಟೋ ಜನ. ಅದು ಹಾಗೇ ಉಳಿದಿದ್ದರೆ ಗಾಡಿಯನ್ನು ನಿನ್ನ ಹೆಸರಿಗೆ ಮಾಡಿಸುವಾಗ ಆರ್‌ಟಿಒದಲ್ಲಿ ಅಡ್ಡಿಯಾಗುತ್ತದೆ. ಇನ್ನು ವಿಮೆ. 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಯಿತು. 2019ರಲ್ಲಿ ಕೊಂಡ ಗಾಡಿಯ ಆ ವಿಮೆ 2024ರಲ್ಲಿ ಮುಗಿದಿರುತ್ತದೆ. ಐದು ವರ್ಷ ಅದರ ಗೊಡವೆಯೇ ಇಲ್ಲದೆ ಓಡಿಸಿದವರು ನವೀಕರಿಸಲು ಮರೆಯುವುದು ಸಹಜ. ಹಾಗಾಗಿದ್ದರೆ ಆ ಖರ್ಚು ನಿನ್ನ ತಲೆಗೆ ಬರುತ್ತದೆ, ಬೆಲೆಯಲ್ಲಿ ಅದನ್ನು ಕಳೆಯುವಂತೆ ನೀನು ನ್ಯಾಯವಾಗಿಯೇ ಕೇಳಬಹುದು.

ಟಯರ್‌ನ ಫೋಟೋ ಮತ್ತು ಸರ್ವಿಸ್ ಬಿಲ್ಲು ಮೀಟರಿನ ಸಾಕ್ಷಿಗಳು. ಟಯರ್‌ನ ಪಕ್ಕದಲ್ಲಿ ನಾಲ್ಕಂಕಿಯ ತಯಾರಿಕೆ ಗುರುತು ಇರುತ್ತದೆ. 1219 ಎಂದಿದ್ದರೆ 2019ರ ಹನ್ನೆರಡನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಮೀಟರ್ 18,000 ತೋರಿಸುವಾಗ ಎರಡೂ ಟಯರ್ ಹೊಸದಾಗಿದ್ದರೆ ಗಾಡಿ ಅದಕ್ಕಿಂತ ಹೆಚ್ಚು ಓಡಿರಬಹುದು. ಹಾಗೆಂದು ಮೋಸವೆಂದೇ ತೀರ್ಮಾನಿಸಬೇಡ. ಕಡಿಮೆ ಓಡಿದ ಗಾಡಿಯಲ್ಲೂ ರಬ್ಬರ್ ಹಳತಾಗಿ ಬಿರುಕು ಬಿಡುತ್ತದೆ, ಪಂಕ್ಚರ್‌ನಿಂದಲೂ ಬದಲಿಸುತ್ತಾರೆ. ಸರ್ವಿಸ್ ಬಿಲ್ಲಿನಲ್ಲಿ ಆ ದಿನದ ಕಿಲೋಮೀಟರ್ ಬರೆದಿರುವುದರಿಂದ ಸಂದೇಹ ಅಲ್ಲಿ ತೀರುತ್ತದೆ. ತಣ್ಣಗಿರುವ ಇಂಜಿನ್ ಕೇಳುವುದೂ ಇಂಥದೇ ಕಾರಣಕ್ಕೆ. ಬೆಚ್ಚಗಾದ ಇಂಜಿನ್ ಒಂದೇ ಸಲಕ್ಕೆ ಹತ್ತಿಕೊಂಡು ತನ್ನ ಕಷ್ಟವನ್ನು ಮುಚ್ಚಿಡುತ್ತದೆ. ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ಸೈಲೆನ್ಸರ್‌ನಿಂದ ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಸುಡುತ್ತಿದೆ ಎಂದು ತಿಳಿ, ಮೆಕ್ಯಾನಿಕ್‌ಗೆ ತೋರಿಸದೆ ಮುಂದುವರಿಯಬೇಡ.

‘ಇಷ್ಟೆಲ್ಲ ಕೇಳಿದರೆ ಮಾರುವವರು ಬೇಸತ್ತು ಬೇರೆಯವರಿಗೆ ಕೊಟ್ಟುಬಿಡುತ್ತಾರಲ್ಲ’ ಎನ್ನಬಹುದು ನೀನು. ಕೆಲವರು ಕೊಡುತ್ತಾರೆ, ನಿಜ. ಆದರೆ ಆರ್‌ಸಿ ಕೈಯಲ್ಲಿರುವವರಿಗೆ ಈ ಉತ್ತರಗಳು ಐದು ನಿಮಿಷದ ಕೆಲಸ. ಬರುವ ದಿನವನ್ನೂ ಹೇಳಿರುವುದರಿಂದ ನೀನು ಕಾಲಹರಣಕ್ಕೆ ಕೇಳುತ್ತಿಲ್ಲವೆಂಬುದು ಅವರಿಗೆ ತಿಳಿಯುತ್ತದೆ. ಸುಳ್ಳು ಹೇಳುವವರು ಬರವಣಿಗೆಯಲ್ಲೂ ಸುಳ್ಳು ಹೇಳಬಹುದೆಂಬ ಮಾತೂ ಸರಿಯೇ. ಆದರೆ ಬರೆದು ಕೊಟ್ಟ ಉತ್ತರವನ್ನು ಆರ್‌ಸಿ, ಬಿಲ್ಲುಗಳ ಪಕ್ಕದಲ್ಲಿಟ್ಟು ನೋಡಬಹುದು. ಫೋನಿನಲ್ಲಿ ಆಡಿದ ಮಾತನ್ನು ಹಾಗೆ ನೋಡಲಾಗದು. ಚೌಕಾಸಿ ಮಾಡಬೇಡ ಎಂದೂ ನಾನು ಹೇಳುತ್ತಿಲ್ಲ. ಅದಕ್ಕೆ ಜಾಗ ಗಾಡಿಯ ಮುಂದೆ, ‘ಇನ್ಶೂರೆನ್ಸ್ ಮುಗಿದಿದೆ, ಹಿಂದಿನ ಟಯರ್ ಬದಲಿಸಬೇಕು, ಅಷ್ಟನ್ನು ಬಿಟ್ಟುಕೊಡಿ’ ಎಂದು ಕಾರಣ ಹೇಳಿ ಕೇಳುವಾಗ.

ಉತ್ತರದ ಬದಲು ‘ತುಂಬಾ ಜನ ಕೇಳ್ತಿದ್ದಾರೆ, ಮೊದಲು ಟೋಕನ್ ಹಾಕಿ’ ಎಂದು ಬಂದರೆ ಆ ಗಾಡಿಯನ್ನು ಅಲ್ಲಿಗೇ ಬಿಡು. ಆರ್‌ಸಿಯಲ್ಲಿರುವ ಚಾಸಿ ನಂಬರನ್ನು ಗಾಡಿಯ ಮೇಲಿನ ನಂಬರಿನೊಂದಿಗೆ ನಿನ್ನ ಕಣ್ಣಾರೆ ಹೋಲಿಸಿ ನೋಡುವವರೆಗೆ ಒಂದು ರೂಪಾಯಿಯನ್ನೂ ಕಳಿಸಬೇಡ.