ಇರಾನಿಗಳ ಉಪಚಾರದ ಮಾತು ಇಂಗ್ಲಿಷಿಗೆ ಬರುವಾಗ

ಅಥಣಿ, ರಾಯಬಾಗ ಕಡೆ ‘ಚಾ ಕುಡದ ಹೋಗ್ರಿ’ ಅಂದಕೂಡಲೇ ಕೂತುಬಿಡುವವರು ಕಡಿಮೆ. ‘ಬ್ಯಾಡ್ರಿ’ ಅನ್ನಬೇಕು, ಮನೆಯವರು ಒತ್ತಾಯ ಮಾಡಬೇಕು. ಇರಾನಿನಲ್ಲಿ ಈ ರೀತಿಗೆ ‘ತಾರೋಫ್’ ಎನ್ನುತ್ತಾರೆ. ನಿಪ್ಪಾಣಿ, ಚಿಕ್ಕೋಡಿ, ಕಾಗವಾಡದಿಂದ ಪುಣೆಗೆ ಓದಲು ಹೋದವರಿಗೆ ಇರಾನಿ ಸಹಪಾಠಿಗಳು ಸಿಗುವುದುಂಟು. ಫಾರ್ಸಿ ಕಲಿತ ನಮ್ಮ ಹುಡುಗರು ಅವರ ಮಾತನ್ನು ಇಂಗ್ಲಿಷಿಗೆ ತರುವಾಗ ಪದಪದಕ್ಕೆ ಅಂಟಿಕೊಂಡು ಎಡವುತ್ತಾರೆ.

1. ಮಾತು ಮಾಡುವ ಕೆಲಸ ಗುರುತಿಸಿ. ‘ದಸ್ತೆತ್ ದರ್ದ್ ನಕೊನೆ’ ಎಂದರೆ ‘ನಿನ್ನ ಕೈ ನೋಯದಿರಲಿ’. ಅದು ಮಾಡುವ ಕೆಲಸ ಕೃತಜ್ಞತೆ ಹೇಳುವುದು. ‘ಥ್ಯಾಂಕ್ಸ್ ಫಾರ್ ಡೂಯಿಂಗ್ ದಿಸ್’ ಸಾಕು. ಕೈಯ ಮಾತನ್ನು ಬಿಡಿ.

2. ಆಳಿನ ಮಾತಿಗೆ ಹೆದರಬೇಡಿ. ಗೆಳೆಯ ‘ಚಾಕೆರೆತಮ್’ ಅಂದರೆ ನಮಗೆ ಕೂಡಲೇ ‘ಚಾಕರಿ’ ನೆನಪಾಗುತ್ತದೆ. ‘ಐ ಆಮ್ ಯುವರ್ ಸರ್ವಂಟ್’ ಎಂದು ಬರೆದರೆ ಆ ತರುಣ ಕಾಲಿಗೆ ಬಿದ್ದಂತೆ ಕಾಣುತ್ತಾನೆ. ಅದು ಗಂಡಸರ ಸಲಿಗೆಯ ಮಾತು. ‘ಎನಿಟೈಮ್, ಮೈ ಫ್ರೆಂಡ್’ ಅನ್ನಿ.

3. ಬೆಲೆಯ ಮಾತಿನಲ್ಲಿ ಎಚ್ಚರ. ಹೆಚ್ಚಿನವರು ಕೆಡುವುದು ಇಲ್ಲೇ. ಗಿರಾಕಿ ‘ಎಷ್ಟು?’ ಅಂದಾಗ ಅಂಗಡಿಯವ ‘ಗಾಬೆಲಿ ನದಾರೆ’ ಅನ್ನುತ್ತಾನೆ: ನಿಮ್ಮ ಯೋಗ್ಯತೆಗೆ ಇದೇನೂ ಅಲ್ಲ ಎಂಬ ಭಾವ. ‘ಇಟ್ ಈಸ್ ವರ್ತ್‌ಲೆಸ್’ ಎಂದರೆ ಅವನೇ ತನ್ನ ಮಾಲನ್ನು ಹಳಿದಂತೆ. ‘ಇಟ್ ಈಸ್ ಫ್ರೀ’ ಎಂದರೆ ಅದಕ್ಕಿಂತ ಅಪಾಯ, ಕೇಳಿದವರು ದುಡ್ಡು ಕೊಡದೆ ಹೊರಟಾರು. ಕತೆಯಲ್ಲಾದರೆ ಎರಡು ಸಾಲನ್ನೂ ಜೋಡಿಯಾಗಿ ಇಡಿ: ‘ಪ್ಲೀಸ್, ಇಟ್ಸ್ ಆನ್ ಮಿ.’ ‘ನೋ, ರಿಯಲಿ, ಹೌ ಮಚ್?’ ಮುಂದಿನ ಸಾಲಿನಲ್ಲಿ ಬೆಲೆ ಬರುತ್ತದೆ, ಓದುಗನಿಗೆ ಎಲ್ಲ ತಿಳಿಯುತ್ತದೆ. ಎರಡನೆಯ ಸಾಲನ್ನು ಮಾತ್ರ ಎಂದೂ ಕತ್ತರಿಸಬೇಡಿ; ಅದಿಲ್ಲದಿದ್ದರೆ ಅಂಗಡಿಯವ ಸುಳ್ಳುಗಾರನಾಗುತ್ತಾನೆ. ಅಂಗಡಿಯಲ್ಲಿ ಎದುರೆದುರು ದುಭಾಷಿಯಾಗಿ ನಿಂತಿದ್ದರೆ ‘ಗಾಬೆಲಿ ನದಾರೆ’ಯನ್ನು ಅನುವಾದಿಸುವ ಬದಲು ‘ಹಿ ಈಸ್ ಬೀಯಿಂಗ್ ಪೊಲೈಟ್, ಪ್ಲೀಸ್ ಆಸ್ಕ್ ಅಗೇನ್’ ಎಂದು ಹೇಳಿಬಿಡುವುದೇ ನಿಯತ್ತು.

4. ನಿಜದ ಆಹ್ವಾನವನ್ನು ಬೇರ್ಪಡಿಸಿ. ಎರಡು ಮೂರು ಸಲ ಬೇಡವೆಂದ ಮೇಲೂ ಒತ್ತಾಯ ನಿಲ್ಲದಿದ್ದರೆ, ‘ಶುಕ್ರವಾರ ಎಂಟಕ್ಕೆ ಬಾ’ ಎಂದು ದಿನ, ಹೊತ್ತು ಗೊತ್ತುಮಾಡಿದರೆ ಅದು ಸಾಮಾನ್ಯವಾಗಿ ನಿಜವಾದ ಕರೆ. ಆಗ ಇಂಗ್ಲಿಷಿನಲ್ಲೂ ದಿನ, ಹೊತ್ತು ಬಿಡದೆ ಹೇಳಿ.

5. ಮೂರು ಸುತ್ತಿನ ಒತ್ತಾಯವನ್ನು ಇಂಗ್ಲಿಷಿನಲ್ಲಿ ಎರಡಕ್ಕೆ ಇಳಿಸಿ. ಆದರೆ ಹಿರಿಯರ ಪತ್ರದಲ್ಲಿ ಇಳಿಸಬೇಡಿ. ವ್ಯಂಗ್ಯವಾಗಿ ಹೇಳಿದ್ದರೆ ಮೂಲದ ಅತಿವಿನಯವನ್ನು ಹಾಗೇ ಉಳಿಸಿ.