ರೊಟ್ಟಿಯಲ್ಲಿ ಕಡಿಮೆ ಇರುವುದು ಡಬ್ಬಿಯಲ್ಲೂ ಇಲ್ಲ

ಅಗರಖೇಡದಿಂದ ಇಂಡಿಗೆ ಜಿಮ್‌ಗೆ ಹೋಗುವ ದ್ವಿತೀಯ ಪಿಯುಸಿ ವಿದ್ಯಾರ್ಥಿಯೊಬ್ಬ ಕಳೆದ ವಾರ ಜೀವಶಾಸ್ತ್ರ ಪ್ರಯೋಗಾಲಯಕ್ಕೆ ಬಿಸಿಎಎ ಪುಡಿಯ ಡಬ್ಬಿ ತಂದ. "ಸರ್, ಇದನ್ನ ಕುಡದ್ರ ಮೈ ಕಟ್ಟತದಂತ್ರಿ, ಖರೇನ್ರಿ?" ಎಂದು ಕೇಳಿದ. "ಮೊದ್ಲ ನೀ ದಿನಾ ಏನ್ ತಿಂತಿ ಹೇಳಪಾ" ಎಂದೆ.

ಬಿಸಿಎಎ ಎಂದರೆ ಕವಲು ಸರಪಳಿಯ ಮೂರು ಅಮೈನೊ ಆಮ್ಲಗಳು: ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್. ನಮ್ಮ ದೇಹ ತಾನೇ ತಯಾರಿಸಲಾರದ ಅಮೈನೊ ಆಮ್ಲಗಳು ಒಟ್ಟು ಒಂಬತ್ತು. ಸ್ನಾಯು ಕಟ್ಟಲು ಅವೆಲ್ಲವೂ ಬೇಕು. ಇವುಗಳಲ್ಲಿ ಲ್ಯೂಸಿನ್‌ಗೆ ಇನ್ನೊಂದು ಕೆಲಸವಿದೆ. ಪ್ರೋಟೀನ್ ಕಟ್ಟಲು ಶುರುಮಾಡು ಎಂದು ಅದು ಜೀವಕೋಶಕ್ಕೆ ಸೂಚನೆ ಕೊಡುತ್ತದೆ. ಜಾಹೀರಾತು ಹೇಳುವುದು ಇಷ್ಟನ್ನೇ. ಆದರೆ ಮೇಸ್ತ್ರಿ ಬಂದು ಕೂಗಿದರೆ ಸಾಲದು, ಕಲ್ಲು, ಉಸುಕು, ಸಿಮೆಂಟು ಎಲ್ಲ ಬೇಕಲ್ಲ. ಉಳಿದ ಆರು ಆಮ್ಲಗಳು ಊಟದಿಂದ ಬರದಿದ್ದರೆ ದೇಹ ತನ್ನದೇ ಸ್ನಾಯುವನ್ನು ಒಡೆದು ಅವನ್ನು ತೆಗೆಯಬೇಕಾಗುತ್ತದೆ.

ಹುಡುಗನ ತೂಕ 60 ಕೆ.ಜಿ. ಐಸಿಎಂಆರ್ ಪ್ರಕಾರ ಕೆ.ಜಿ.ಗೆ 0.83 ಗ್ರಾಂ ಲೆಕ್ಕದಲ್ಲಿ ಅವನಿಗೆ ದಿನಕ್ಕೆ 50 ಗ್ರಾಂ ಪ್ರೋಟೀನ್ ಸಾಕು. ಅವನ ಊಟವನ್ನು ಬೋರ್ಡಿನ ಮೇಲೆ ಬರೆದೆವು. ನಾಲ್ಕು ಜೋಳದ ರೊಟ್ಟಿಗೆ 240 ಗ್ರಾಂ ಹಿಟ್ಟು, ಅದರಿಂದ ಸುಮಾರು 24 ಗ್ರಾಂ ಪ್ರೋಟೀನ್. 75 ಗ್ರಾಂ ತೊಗರಿಬೇಳೆಯಿಂದ 16, ಅರ್ಧ ಲೀಟರ್ ಹಾಲಿನಿಂದ 16, ಮೂರು ಮೊಟ್ಟೆಯಿಂದ 18. ಒಟ್ಟು 74 ಗ್ರಾಂ. ಇದರಲ್ಲೇ ಲ್ಯೂಸಿನ್ ಸುಮಾರು 7 ಗ್ರಾಂ ಇದೆ. ಡಬ್ಬಿಯ ಮೇಲೆ 2:1:1 ಎಂದಿತ್ತು; ಅಂದರೆ 5 ಗ್ರಾಂ ಪುಡಿಯಲ್ಲಿ ಲ್ಯೂಸಿನ್ ಎರಡೂವರೆ ಗ್ರಾಂ.

ಇಲ್ಲಿ ನಮ್ಮ ಜೋಳದ ಮಾತು ಹೇಳಲೇಬೇಕು. ಜೋಳದ ಪ್ರೋಟೀನಿನಲ್ಲಿ ಲ್ಯೂಸಿನ್ ಸುಮಾರು ಶೇ. 12ರಷ್ಟಿದೆ, ಮೊಟ್ಟೆಗಿಂತಲೂ ಹೆಚ್ಚು. ಎಷ್ಟು ಹೆಚ್ಚೆಂದರೆ, ಜೋಳವನ್ನೇ ನಂಬಿದ ಬಡವರಲ್ಲಿ ಕಾಣುತ್ತಿದ್ದ ಪೆಲ್ಲಾಗ್ರಾ ರೋಗಕ್ಕೆ ಈ ಲ್ಯೂಸಿನ್ನೇ ಕಾರಣವಿರಬಹುದೆಂದು ಹೈದರಾಬಾದಿನಲ್ಲಿ ಡಾ. ಸಿ. ಗೋಪಾಲನ್ ಮತ್ತು ಸಂಗಡಿಗರು 1960ರ ಸುಮಾರಿಗೆ ವಾದಿಸಿದ್ದರು. ಆ ವಾದವನ್ನು ಎಲ್ಲರೂ ಒಪ್ಪಲಿಲ್ಲ, ಅದು ಬೇರೆ ಮಾತು. ಜೋಳದಲ್ಲಿ ನಿಜವಾಗಿ ಕಡಿಮೆ ಇರುವುದು ಲೈಸಿನ್. ಅದು ಬಿಸಿಎಎ ಡಬ್ಬಿಯಲ್ಲಿ ಇಲ್ಲ, ಬೇಳೆಯಲ್ಲಿದೆ. ನಮ್ಮ ಅವ್ವಂದಿರು ರೊಟ್ಟಿಯ ಜೊತೆ ಕಾಳುಪಲ್ಯ ಬಡಿಸುವುದರಿಂದ ಆ ಕೊರತೆ ತುಂಬುತ್ತದೆ.

ಪುಡಿಯಿಂದ ಏನೂ ಆಗುವುದಿಲ್ಲವೆಂದು ನಾನು ಹೇಳುವುದಿಲ್ಲ. 2017ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ, ವ್ಯಾಯಾಮದ ನಂತರ ಬಿಸಿಎಎ ಮಾತ್ರ ಕುಡಿದವರಲ್ಲಿ ಸ್ನಾಯು ಪ್ರೋಟೀನ್ ತಯಾರಿ ಶೇ. 22ರಷ್ಟು ಹೆಚ್ಚಿತು. ಆದರೆ ಅಲ್ಲಿ ಹೋಲಿಸಿದ್ದು ಬಿಸಿಎಎ ಇಲ್ಲದ ಪಾನೀಯದೊಂದಿಗೆ, ಬೇಳೆ-ಮೊಟ್ಟೆಯ ಊಟದೊಂದಿಗಲ್ಲ. ಹೊಟ್ಟೆ ತುಂಬ ಪ್ರೋಟೀನ್ ತಿಂದವನಿಗೆ ಆ ಸೂಚನೆ ಊಟದಿಂದಲೇ ಸಿಕ್ಕಿರುತ್ತದೆ.

ಭಾರ ಎತ್ತುವವನು ಕೆ.ಜಿ.ಗೆ 1.6 ಗ್ರಾಂವರೆಗೆ ಹೋಗಬೇಕೆಂದರೂ ಇವನಿಗೆ ಬೇಕಾದದ್ದು ಇನ್ನು 22 ಗ್ರಾಂ. ಎರಡು ಮೊಟ್ಟೆ, 50 ಗ್ರಾಂ ಶೇಂಗಾ ತಿಂದರೆ ಮುಗಿಯಿತು. ಹುಡುಗ ಲೆಕ್ಕ ಬರೆದುಕೊಂಡ. ಡಬ್ಬಿಯ ಸೀಲ್ ಆಗಲೇ ಒಡೆದಿತ್ತು, ಅಂಗಡಿಯವರು ವಾಪಸ್ ತಗೊಳ್ಳಲಿಲ್ಲವಂತೆ.